ರಿವರ್ಸ್ ಚಾರ್ಜ್ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದ ಮೇಲೂ ನೋಟಿಸ್ ಬಂದರೆ

"ಲಾರಿ ಬಾಡಿಗೆಯ ರಿವರ್ಸ್ ಚಾರ್ಜ್ ತೆರಿಗೆಯನ್ನು ತಡವಾಗಿಯಾದರೂ ಬಡ್ಡಿ ಸೇರಿಸಿ ಕಟ್ಟಿದ್ದೇವೆ. ಈಗ ಅದೇ ತೆರಿಗೆ, ಬಡ್ಡಿ, ದಂಡ ಎಲ್ಲವನ್ನೂ ಕೇಳಿ ನೋಟಿಸ್ ಬಂದಿದೆ ಸಾರ್. ಏನೆಂದು ಉತ್ತರ ಬರೆಯಬೇಕು?"

ಮೊದಲು ಒಂದು ಮಾತು: ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ. ಕಟ್ಟಿದ ಹಣ ಅಧಿಕಾರಿಯ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬುದನ್ನು ಹುಡುಕಿದರೆ ಉತ್ತರದ ಮುಕ್ಕಾಲು ಭಾಗ ಸಿದ್ಧವಾದಂತೆ.

ಒಂದು ಲೆಕ್ಕ ಹಿಡಿದು ನೋಡೋಣ. ಒಬ್ಬ ವ್ಯಾಪಾರಿ 2022ರ ಆಗಸ್ಟ್‌ನಲ್ಲಿ ಸರಕು ಸಾಗಣೆ ಏಜೆನ್ಸಿಗೆ 4,00,000 ರೂಪಾಯಿ ಬಾಡಿಗೆ ಕೊಟ್ಟಿದ್ದಾರೆ. ಸೇವೆ ಕೊಟ್ಟವರ ಬದಲು ಪಡೆದವರೇ ಜಿಎಸ್‌ಟಿ ಕಟ್ಟುವುದೇ ರಿವರ್ಸ್ ಚಾರ್ಜ್. ಶೇ 5ರಂತೆ ಆ ತೆರಿಗೆ 20,000; ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಸೆಪ್ಟೆಂಬರ್ 20ರೊಳಗೆ ಕಟ್ಟಬೇಕಿತ್ತು, ಬಿಟ್ಟುಹೋಯಿತು. ಲೆಕ್ಕ ಪರಿಶೀಲಿಸುವಾಗ ಕಣ್ಣಿಗೆ ಬಿದ್ದು, 2023ರ ಫೆಬ್ರುವರಿ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಸೇರಿಸಿ ಮಾರ್ಚ್ 20ರಂದು ಕಟ್ಟಿದರು. ತಡವಾದದ್ದು 181 ದಿನ. ವರ್ಷಕ್ಕೆ ಶೇ 18ರಂತೆ ಬಡ್ಡಿ ತಲಾ 893, ಒಟ್ಟು 1,786 ರೂಪಾಯಿ. ಅದನ್ನೂ ಅದೇ ರಿಟರ್ನ್‌ನಲ್ಲಿ ತುಂಬಿದರು.

ತೊಡಕು ಇರುವುದು ಇಲ್ಲಿ. ಫೆಬ್ರುವರಿಯ ಸ್ವಂತ ಬಾಡಿಗೆ 1,50,000 ಇತ್ತು. ಹಾಗಾಗಿ ಆ ರಿಟರ್ನ್‌ನಲ್ಲಿ ರಿವರ್ಸ್ ಚಾರ್ಜ್ ತೋರಿಸುವ ಕೋಷ್ಟಕ 3.1(ಡಿ)ಯಲ್ಲಿ ಕಾಣುವುದು 5,50,000 ಎಂಬ ಒಂದೇ ಮೊತ್ತ. ಅದರಲ್ಲಿ 4,00,000 ಆಗಸ್ಟ್‌ನದು ಎಂದು ಹೇಳಲು ಆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಆಗಸ್ಟ್ ರಿಟರ್ನ್ ತೆರೆದ ಅಧಿಕಾರಿಗೆ ಅಲ್ಲಿ ಸೊನ್ನೆ ಕಾಣುತ್ತದೆ, ಖರ್ಚಿನ ಪುಸ್ತಕದಲ್ಲಿ ಬಾಡಿಗೆ ಕಾಣುತ್ತದೆ. ನೋಟಿಸ್ ಹುಟ್ಟುವುದು ಹೀಗೆ.

ಆದ್ದರಿಂದ ಉತ್ತರದ ಮೊದಲ ಪುಟದಲ್ಲಿ ಕಾನೂನು ಬೇಡ, ಆ 5,50,000ವನ್ನು ಬಿಡಿಸಿ ತೋರಿಸಿ. ಯಾವ ಬಿಲ್, ಯಾವ ತಿಂಗಳದ್ದು, ಯಾವ ರಿಟರ್ನ್‌ನಲ್ಲಿ, ಯಾವ ದಿನ ಕಟ್ಟಿದ್ದು ಎಂಬ ಒಂದು ಪಟ್ಟಿ ಸಾಕು. ಜೊತೆಗೆ ಎರಡೂ ತಿಂಗಳ ರಿಟರ್ನ್, ಬಿಲ್‌ಗಳು, ಬಡ್ಡಿಯ ದಿನಲೆಕ್ಕ, ನಗದು ಲೆಡ್ಜರ್‌ನ ಪ್ರತಿ ಇಡಿ. ರಿವರ್ಸ್ ಚಾರ್ಜ್ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್‌ನಿಂದ ತೀರಿಸುವಂತಿಲ್ಲ, ನಗದಾಗಿಯೇ ಕಟ್ಟಬೇಕು. ಹಾಗಾಗಿ ನಗದು ಲೆಡ್ಜರ್‌ಗಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಇನ್ನು ದಂಡ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 73ರಡಿ ತೆರಿಗೆಯ ಶೇ 10 ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅದು. ಕೇಂದ್ರದ ಕಾಯ್ದೆಗೊಂದು, ರಾಜ್ಯದ ಕಾಯ್ದೆಗೊಂದು ಸೇರಿ ಇಲ್ಲಿ 20,000 ಆಗುತ್ತದೆ, ಅಂದರೆ ತೆರಿಗೆಯಷ್ಟೇ ದಂಡ! ಇದಕ್ಕೆ ಉತ್ತರ 73(5) ಮತ್ತು 73(6)ರಲ್ಲಿದೆ: ನೋಟಿಸ್‌ಗೆ ಮೊದಲೇ ತಾನಾಗಿ ತೆರಿಗೆ, ಬಡ್ಡಿ ಕಟ್ಟಿ ತಿಳಿಸಿದವರಿಗೆ ನೋಟಿಸ್ ಕೊಡುವಂತಿಲ್ಲ. "ತಿಳಿಸಲೇ ಇಲ್ಲವಲ್ಲ" ಎಂಬ ಆಕ್ಷೇಪ ಬರಬಹುದು. ತಾನಾಗಿ ಹಣ ಕಟ್ಟಿ ಇಲಾಖೆಗೆ ತಿಳಿಸುವ ಫಾರಂ ಆದ ಡಿಆರ್‌ಸಿ-03ರ ಮೂಲಕ ಕಟ್ಟಿದ್ದರೆ ಆ ಮಾತಿಗೆ ಅವಕಾಶವೇ ಇರುತ್ತಿರಲಿಲ್ಲ. ಆದರೂ ರಿಟರ್ನ್ ಇಲಾಖೆಯ ಪೋರ್ಟಲ್‌ನಲ್ಲೇ ಇದೆ ಎಂಬ ವಾದವನ್ನು ಧೈರ್ಯವಾಗಿ ಮಂಡಿಸಿ.

ಅಧಿಕಾರಿ ಹಿಡಿಯುವ ಇನ್ನೊಂದು ಎಳೆ 73(11). ಸ್ವಯಂ ನಿರ್ಧರಿಸಿದ ತೆರಿಗೆಯನ್ನು ಗಡುವಿನಿಂದ 30 ದಿನದೊಳಗೆ ಕಟ್ಟದಿದ್ದರೆ ಈ ವಿನಾಯಿತಿ ಇಲ್ಲ ಎನ್ನುತ್ತದೆ ಅದು. ನಮ್ಮ ಪ್ರಕರಣದಲ್ಲಿ ಆಗಸ್ಟ್ ರಿಟರ್ನ್‌ನಲ್ಲಿ ಆ ತೆರಿಗೆಯನ್ನು ತೋರಿಸಿಯೇ ಇರಲಿಲ್ಲ. ತೋರಿಸಿದ ರಿಟರ್ನ್‌ನಲ್ಲೇ ಕಟ್ಟಿಯೂ ಆಗಿದೆ. ಹಾಗಾಗಿ ಈ ಉಪವಿಧಿ ಅನ್ವಯಿಸದು ಎಂದು ಬರೆಯಿರಿ. 2018ರ ಡಿಸೆಂಬರ್ 31ರ ಸುತ್ತೋಲೆ 76/50/2018 ತಡವಾಗಿ ಸಲ್ಲಿಸಿದ 3ಬಿಯ ಬಗ್ಗೆ ಇದೇ ದಿಕ್ಕಿನಲ್ಲಿ ಮಾತನಾಡುತ್ತದೆ. ಆದರೆ ಸೆಕ್ಷನ್ 125ರ ಸಾಮಾನ್ಯ ದಂಡಕ್ಕೆ ಅದು ಬಾಗಿಲು ತೆರೆದಿಟ್ಟಿದೆ ಎಂಬುದೂ ನೆನಪಿರಲಿ.

"ಕಟ್ಟಿದ್ದನ್ನು ಕ್ರೆಡಿಟ್ ಆಗಿ ಪಡೆಯುತ್ತೇವೆ, ಸರ್ಕಾರಕ್ಕೆ ನಷ್ಟವೇ ಇಲ್ಲ" ಎಂದು ಹಲವರು ಮೊದಲ ಸಾಲಿನಲ್ಲೇ ಬರೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬಡ್ಡಿಯಿಂದ ಅದು ಬಿಡಿಸುವುದಿಲ್ಲ. ದಂಡದ ವಿಷಯದಲ್ಲಿ ದುರುದ್ದೇಶ ಇರಲಿಲ್ಲ ಎನ್ನಲು ಕೊನೆಯಲ್ಲಿ ಒಂದು ಸಾಲು ಸಾಕು. ನೋಟಿಸ್ ಸೆಕ್ಷನ್ 74ರಡಿ, ಅಂದರೆ ವಂಚನೆ ಅಥವಾ ಮರೆಮಾಚುವಿಕೆಯ ಆರೋಪದೊಂದಿಗೆ ಬಂದಿದ್ದರೆ ಮಾತ್ರ, ಇಲಾಖೆ ಕೇಳುವ ಮುನ್ನವೇ ಘೋಷಿಸಿದ್ದೆವು ಎಂಬುದನ್ನೇ ಎಲ್ಲಕ್ಕಿಂತ ಮೇಲೆ ಇಡಿ. 2024–25 ಮತ್ತು ನಂತರದ ವರ್ಷಗಳಿಗೆ ಸೆಕ್ಷನ್ 74ಎ ಅನ್ವಯಿಸುತ್ತದೆ. ಆ ವರ್ಷಗಳ ಉತ್ತರಕ್ಕೆ ಇಲ್ಲಿನ ಸೆಕ್ಷನ್ ಸಂಖ್ಯೆಗಳನ್ನು ಹಾಗೆಯೇ ನಕಲು ಮಾಡಬೇಡಿ.

ಬಡ್ಡಿ ನೂರಿನ್ನೂರು ಕಡಿಮೆ ಕಟ್ಟಿದ್ದರೆ ವಾದಕ್ಕೆ ಇಳಿಯದೆ ಆ ವ್ಯತ್ಯಾಸವನ್ನು ಡಿಆರ್‌ಸಿ-03ರಲ್ಲಿ ಕಟ್ಟಿ, ಚಲನ್ ಲಗತ್ತಿಸಿ. ಉತ್ತರವನ್ನು ಪೋರ್ಟಲ್‌ನ View Additional Notices/Orders ಒಳಗಿನ ಅದೇ ಪ್ರಕರಣದಲ್ಲಿ, ಡಿಆರ್‌ಸಿ-06 ಆಗಿ, ನೋಟಿಸ್‌ನಲ್ಲಿರುವ ದಿನಾಂಕದೊಳಗೆ ಸಲ್ಲಿಸಿ. ಖುದ್ದು ವಿಚಾರಣೆ ಬೇಕೇ ಎಂಬಲ್ಲಿ "ಹೌದು" ಎಂದೇ ಗುರುತು ಹಾಕಿ. ಆ ಪಟ್ಟಿಯನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿ, 5,50,000ದ ಮೇಲೆ ಬೆರಳಿಟ್ಟು ತೋರಿಸಲು ಸಿಗುವ ಅವಕಾಶ ಅದೊಂದೇ.