ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಬಂದವರಿಗೆ ಕನ್ನಡ ಕೀಬೋರ್ಡ್: ಅಂಗಡಿ ಕೌಂಟರಿನಿಂದ

ಕಲಬುರಗಿಯ ಮೊಬೈಲ್ ಅಂಗಡಿಯೊಂದರಲ್ಲಿ ಹಳೆ ಫೋನಿನ ಡೇಟಾವನ್ನು ಹೊಸದಕ್ಕೆ ಹಾಕಿಕೊಡುವುದು ನನ್ನ ಕೆಲಸ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಬರುವವರಿಗೆ ಆಪಲ್‌ನವರ `Move to iOS` ಆ್ಯಪ್ ಇದೆ. ಕಾಂಟ್ಯಾಕ್ಟು, ಮೆಸೇಜು, ಫೋಟೊ, ವಾಟ್ಸ್ಯಾಪ್ ಚಾಟು ಎಲ್ಲ ಅದರಿಂದ ದಾಟುತ್ತವೆ. ದಾಟದೇ ಉಳಿಯುವುದು ಕೀಬೋರ್ಡ್. ಹಳೆ ಫೋನಿನಲ್ಲಿ ಕನ್ನಡ ಹೇಗೆ ಹೊಡೆಯುತ್ತಿದ್ದರು, ಕೀಬೋರ್ಡ್ ಯಾವ ಯಾವ ಪದ ಕಲಿತುಕೊಂಡಿತ್ತು, ಇದ್ಯಾವುದೂ ಹೊಸ ಫೋನಿಗೆ ಗೊತ್ತಾಗುವುದಿಲ್ಲ. ಗಿರಾಕಿ ಡಬ್ಬಿ ಹಿಡಿದು ಖುಷಿಯಿಂದ ಹೋಗಿ, ಮರುದಿನ ಮುಖ ಗಂಟು ಹಾಕಿಕೊಂಡು ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹಾಗಾಗಿ ಐಫೋನ್ ಮುಟ್ಟುವ ಮೊದಲು ಹಳೆ ಫೋನನ್ನೇ ಕೈಗೆ ಕೊಟ್ಟು, ‘ಕನ್ನಡದಾಗ ಒಂದು ಸಾಲು ಹೊಡದು ತೋರಸ್ರಿ’ ಅನ್ನುತ್ತೇನೆ. ‘ಕನ್ನಡ ಕೀಬೋರ್ಡ್ ಬೇಕೇನ್ರಿ’ ಎಂದು ಕೇಳಿದರೆ ಎಲ್ಲರೂ ಹೌದು ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬೆರಳು ನೋಡಿದರೆ ತಿಳಿಯುತ್ತದೆ. ಕೆಲವರು ಮೈಕ್ ಒತ್ತಿ ಮಾತಾಡುತ್ತಾರೆ. ಕೆಲವರು ಕ, ಖ, ಗ ಇರುವ ಕೀಲಿಗಳನ್ನೇ ಒತ್ತುತ್ತಾರೆ; ಅವರಿಗೆ ಐಫೋನಿನಲ್ಲಿ ಹೊಸದಾಗಿ ಕಲಿಯುವುದು ಕಡಿಮೆ. ಆದರೆ ನಮ್ಮ ಕಡೆ ಬಹಳ ಜನ ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಹೊಡೆದು ಕನ್ನಡ ಪಡೆಯುವವರು. `namaskara` ಅಂದರೆ ‘ನಮಸ್ಕಾರ’ ಬರಬೇಕು ಅವರಿಗೆ. ಪೇಚಾಟವೆಲ್ಲ ಇವರದೇ.

ಕೀಬೋರ್ಡ್ ಸೇರಿಸುವುದು ಎರಡು ನಿಮಿಷದ ಮಾತು. `Settings` ತೆರೆದು `General`, ಅದರಲ್ಲಿ `Keyboard`, ಮತ್ತೆ `Keyboards`, ಕೆಳಗೆ `Add New Keyboard`. ಅಲ್ಲಿ Kannada ಹುಡುಕಿ ಒತ್ತಿದರೆ ಮುಗಿಯಿತು. ಒಂದಕ್ಕಿಂತ ಹೆಚ್ಚು ಲೇಔಟ್ ತೋರಿಸಿದರೆ ಒಂದೊಂದನ್ನೂ ಹೊಡೆದು ನೋಡಿ ಇಟ್ಟುಕೊಳ್ಳಬೇಕು. ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸುವ ಅಗತ್ಯವಿಲ್ಲ, ಅದು ಬೇರೆ ಸಂಗತಿ. ಬರೆಯುವಾಗ ಕೆಳಗಿನ ಗ್ಲೋಬ್ ಗುರುತು ಒತ್ತಿದರೆ ಕೀಬೋರ್ಡ್ ಬದಲಾಗುತ್ತದೆ, ಒತ್ತಿ ಹಿಡಿದರೆ ಪಟ್ಟಿ ಬರುತ್ತದೆ. ಬೇಡದ ಭಾಷೆಗಳು ಪಟ್ಟಿಯಲ್ಲಿದ್ದರೆ ತೆಗೆದುಬಿಡಿ, ಇಲ್ಲವಾದರೆ ಪ್ರತಿ ಸಲವೂ ಅವನ್ನೆಲ್ಲ ದಾಟಿಕೊಂಡೇ ಕನ್ನಡಕ್ಕೆ ಬರಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದುಕೊಂಡರೆ ಗಿರಾಕಿ ವಾಪಸ್ ಬರುವುದು ಖಾತ್ರಿ. ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟ ಸಾಹುಕಾರರೊಬ್ಬರದು ಇದೇ ಕತೆ. ಮಗ ಐಫೋನ್ ಕೊಡಿಸಿದ್ದ. ಅವರು ದಿನಾ ಬೆಳಿಗ್ಗೆ ರೈತರ ವಾಟ್ಸ್ಯಾಪ್ ಗುಂಪಿಗೆ ತೊಗರಿ ಧಾರಣೆ ಹಾಕುವವರು. ಕೀಬೋರ್ಡ್ ಸೇರಿಸಿ ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, “ತಮ್ಮಾ, ಇದರಾಗ ಅರ್ಕಾವೊತ್ತೇ ಇಲ್ಲಲ್ಲೋ. ‘ಮಾರ್ಕೆಟ್’ ಹ್ಯಾಂಗ ಬರೀಲಿ?” ಅಂದರು.

ಅವರ ಪ್ರಶ್ನೆ ಸರಿಯಾಗೇ ಇತ್ತು. ಆದರೆ ಅರ್ಕಾವೊತ್ತಿಗೇ ಆಗಲಿ, ಬೇರೆ ಯಾವ ಒತ್ತಕ್ಷರಕ್ಕೇ ಆಗಲಿ ಬೇರೆ ಕೀಲಿ ಬೇಕಾಗಿಲ್ಲ. ನಡುವೆ ಹಲಂತ (್) ಇಟ್ಟರೆ ಫೋನೇ ಒತ್ತು ಕಟ್ಟುತ್ತದೆ. ಹಳೆ ಫೋನಿನಲ್ಲಿ `market` ಎಂದು ಹೊಡೆದಾಗ ಈ ಜೋಡಣೆ ಒಳಗೊಳಗೇ ನಡೆಯುತ್ತಿತ್ತು, ಇವರಿಗೆ ಕಾಣುತ್ತಿರಲಿಲ್ಲ. ಈಗ ಅದನ್ನು ಕೈಯಾರೆ ಮಾಡಬೇಕು.

ನಾನು ಕಲಿಸುವುದು ಊರ ಹೆಸರುಗಳಿಂದ. ‘ಕಲಬುರಗಿ’ಯಲ್ಲಿ ಒತ್ತಕ್ಷರವಿಲ್ಲ: ಕ, ಲ, ಬ, ಕೊಂಬು, ರ, ಗ, ಗುಡಿಸು. ಅಕ್ಷರ ಮೊದಲು, ಅದರ ಗುರುತು ಆಮೇಲೆ. ಶಾಲೆಯಲ್ಲಿ ಕಾಗುಣಿತ ಒಪ್ಪಿಸಿದ ಕ್ರಮವೇ ಇದು. ಆಮೇಲೆ ‘ಬೀದರ್’: ಬ, ೀ, ದ, ರ, ಕೊನೆಗೆ ಹಲಂತ. ಹಲಂತದ ಕೀಲಿ ಎಲ್ಲಿದೆ ಎಂದು ಇಲ್ಲಿ ಒಮ್ಮೆ ಕಂಡುಬಿಟ್ಟರೆ ಅರ್ಧ ಕೆಲಸವಾದಂತೆ. ಕಚೇರಿಯಲ್ಲಿ ನುಡಿ ತಂತ್ರಾಂಶ ಬಳಸಿದವರಿಗೆ ಇದು ಬೇಗ ಹತ್ತುತ್ತದೆ, ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದಲ್ಲಿ `f` ಮಾಡುವ ಕೆಲಸವನ್ನೇ ಇಲ್ಲಿ ಹಲಂತದ ಕೀಲಿ ಮಾಡುತ್ತದೆ. ಸಾಹುಕಾರರ ಗುಮಾಸ್ತ ಅವರಿಗಿಂತ ಮೊದಲೇ ಕಲಿತುಬಿಟ್ಟ.

ಸಾಹುಕಾರರು ಸಿಕ್ಕಿಬಿದ್ದದ್ದು ‘ಕ್ವಿಂಟಲ್’ನಲ್ಲಿ. ಕಣ್ಣಿಗೆ ಮೊದಲು ಕಾಣುವುದು ‘ಕಿ’, ಅದರ ಕೆಳಗೆ ‘ವ’ ಒತ್ತು. ಅವರು ಕಂಡ ಹಾಗೆಯೇ ಕ, ಗುಡಿಸು, ಹಲಂತ, ವ ಎಂದು ಒತ್ತಿದರು. ಅಕ್ಷರ ಒಡೆದುಹೋಯಿತು. ಒತ್ತಬೇಕಾದ ಕ್ರಮ ಹೀಗೆ:

```
ಕ  ್  ವ  ಿ  ಂ  ಟ  ಲ  ್
```

ಗುಡಿಸು ತೆರೆಯ ಮೇಲೆ ‘ಕ’ದ ತಲೆಗೆ ಹೋಗಿ ಕೂತರೂ ಬಾಯಿ ಅದನ್ನು ‘ವ’ ಆದಮೇಲೆ ನುಡಿಯುತ್ತದೆ. ಹೊಡೆಯಬೇಕಾದ್ದು ಬಾಯಿ ನುಡಿದ ಕ್ರಮದಲ್ಲಿ. ‘ಮಾರ್ಕೆಟ್’ದೂ ಅಷ್ಟೇ. ಅರ್ಕಾವೊತ್ತು ‘ಕೆ’ಯ ಬಲಕ್ಕೆ ಕಂಡರೂ ಬಾಯಲ್ಲಿ ‘ರ್’ ಮೊದಲು ಬರುತ್ತದೆ:

```
ಮ  ಾ  ರ  ್  ಕ  ೆ  ಟ  ್
```

“ಅಂದ್ರ ಬಾಯಿಲಿ ಅಂದಂಗ ಹೊಡೀಬೇಕು, ಕಂಡಂಗಲ್ಲ” ಅಂದರು. ಅದಾದ ಮೇಲೆ ‘ಸೂರ್ಯ’, ‘ಅಕ್ಕಿ’, ‘ಹತ್ತಿ’ ತಾವೇ ಹೊಡೆದರು. ಬರೆಯುವಾಗ ಚುಕ್ಕಿ ಚುಕ್ಕಿಯ ಒಂದು ಸುತ್ತು (◌) ಕಾಣಿಸಿಕೊಂಡರೆ, ಗುರುತಿಗೆ ಅಂಟಿಕೊಳ್ಳಲು ಹಿಂದೆ ಸರಿಯಾದ ಅಕ್ಷರ ಇಲ್ಲ ಎಂದೇ ಅರ್ಥ. ಆಗ ಮುಂದಕ್ಕೆ ಹೊಡೆಯದೆ ಅಲ್ಲಿಯವರೆಗೆ ಅಳಿಸಿ ಮತ್ತೆ ಒತ್ತಬೇಕು.

ಸೊನ್ನೆಯದು ಇದಕ್ಕಿಂತ ಕೆಟ್ಟ ಸಮಸ್ಯೆ, ಯಾಕೆಂದರೆ ತಪ್ಪಾದದ್ದು ಕಾಣುವುದೇ ಇಲ್ಲ. ‘ಗಂಜ್’, ‘ಅಂಗಡಿ’, ‘ಕ್ವಿಂಟಲ್’ ಈ ಪದಗಳಲ್ಲಿ ಬರುವ ಸೊನ್ನೆ ಅನುಸ್ವಾರ (ಂ). ಕನ್ನಡ ಅಂಕಿಯ ಸೊನ್ನೆಯೂ (೦) ನೋಡಲು ಹೆಚ್ಚು ಕಡಿಮೆ ಹಾಗೇ ಇದೆ, ಆದರೆ ಯುನಿಕೋಡ್‌ನಲ್ಲಿ ಎರಡೂ ಬೇರೆ ಬೇರೆ. ಅನುಸ್ವಾರದ ಕೀಲಿ ಸಿಗದವರು ಅಂಕಿಯ ಸೊನ್ನೆ ಹುಡುಕಿ ಹಾಕುತ್ತಾರೆ. ಓದಲು ಏನೂ ತೊಂದರೆಯಿಲ್ಲ. ‘ಗ೦ಜ್ ಬಸಣ್ಣ’ ಎಂದು ನಂಬರ್ ಸೇವ್ ಮಾಡಿ, ಆಮೇಲೆ ‘ಗಂಜ್’ ಎಂದು ಸರಿಯಾಗಿ ಹುಡುಕಿದರೆ ಮಾತ್ರ ಹೆಸರು ಬರುವುದಿಲ್ಲ. ನಂಬರ್ ಹೋಯಿತೆಂದು ನಮ್ಮ ಅಂಗಡಿಗೆ ಬಂದು ಬೈಯುವವರೂ ಇದ್ದಾರೆ.

ಪರೀಕ್ಷೆ ಸುಲಭ. ಬರೆದ ಪದದ ಮೇಲೆ ಕರ್ಸರ್ ಇಟ್ಟು ಒಂದೊಂದೇ ಹೆಜ್ಜೆ ಸರಿಸಿ. ‘ಗ’ಕ್ಕೂ ಸೊನ್ನೆಗೂ ನಡುವೆ ಕರ್ಸರ್ ನಿಂತರೆ ಅದು ಅಂಕಿ. ನಿಲ್ಲದೆ ‘ಗಂ’ ಪೂರ್ತಿ ದಾಟಿದರೆ ಅನುಸ್ವಾರ. ಸ್ಪೇಸ್ ಬಾರ್ ಮೇಲೆ ಬೆರಳು ಒತ್ತಿ ಹಿಡಿದು ಜರುಗಿಸಿದರೆ ಕರ್ಸರ್ ಸರಿಯುತ್ತದೆ, ಇದನ್ನೂ ತೋರಿಸಿಕೊಡುತ್ತೇನೆ.

ಇಷ್ಟು ಹೇಳಿದರೂ ಕೆಲವರು ‘ನನಗ ಹಳೇದೇ ಬೇಕು’ ಅಂತಾರೆ. ಅವರದೂ ತಪ್ಪಲ್ಲ, ವರ್ಷಗಟ್ಟಲೆ ಕೂತ ರೂಢಿ. ಆ್ಯಪ್ ಸ್ಟೋರಿನಿಂದ ಬೇರೆ ಕಂಪನಿಯ ಕೀಬೋರ್ಡ್ ಹಾಕಿಕೊಳ್ಳಬಹುದು. ಆದರೆ ಒಂದೇ ಹೆಸರಿನ ಕೀಬೋರ್ಡ್ ಆಂಡ್ರಾಯ್ಡ್‌ನಲ್ಲಿ ಇದ್ದ ಹಾಗೇ ಐಫೋನಿನಲ್ಲೂ ಇರುತ್ತದೆ ಎಂದು ನಂಬಬೇಡಿ. ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ಬರುತ್ತದೆಯೇ ಎಂದು ಹಾಕಿದ ಕೂಡಲೇ ಗಿರಾಕಿಯ ಮುಂದೆಯೇ ಹೊಡೆದು ನೋಡಬೇಕು. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಐಫೋನ್ ಇಂಥ ಕೀಬೋರ್ಡ್‌ಗಳನ್ನು ಪಕ್ಕಕ್ಕೆ ಸರಿಸಿ ತನ್ನದನ್ನೇ ತರುತ್ತದೆ, ಕೆಲವು ಆ್ಯಪ್‌ಗಳು ಅವನ್ನು ಒಳಗೇ ಬಿಡುವುದಿಲ್ಲ. ‘ಕೀಬೋರ್ಡ್ ತಾನಾಗೇ ಬದಲಾಗ್ತದ, ಫೋನ್ ಕೆಟ್ಟದ’ ಎಂದು ಬರುವವರಿಗೆ ಇದನ್ನೇ ಹೇಳಬೇಕಾಗುತ್ತದೆ.

ಇಂಥ ಹೊರಗಿನ ಕೀಬೋರ್ಡ್ `Allow Full Access` ಎಂಬ ಒಂದು ಅನುಮತಿಯನ್ನೂ ಕೇಳುತ್ತದೆ. ಅದನ್ನು ಕೊಟ್ಟರೆ ನೀವು ಹೊಡೆದದ್ದನ್ನು ಹೊರಗೆ ಕಳಿಸಲು ಆ ಕೀಬೋರ್ಡ್‌ಗೆ ದಾರಿ ಕೊಟ್ಟಂತೆ. ಹೆಸರು ಕೇಳಿರದ ಪುಕ್ಕಟೆ ಕೀಬೋರ್ಡ್‌ಗೆ ನಾನು ಇದನ್ನು ಆನ್ ಮಾಡಿಕೊಡುವುದಿಲ್ಲ, ಗಿರಾಕಿ ಜಬರಿಸಿದರೂ ಸರಿ. ಅಡತಿ ಅಂಗಡಿಯವರ ಫೋನಿನಲ್ಲಿ ಇರುವುದೆಲ್ಲ ರೊಕ್ಕದ ಮಾತೇ.

ಸಾಹುಕಾರರಿಗೆ ಕೊನೆಗೆ ಹಿಡಿಸಿದ್ದು ಬೇರೆಯದೇ. `Settings`, `General`, `Keyboard` ಒಳಗೆ `Text Replacement` ಎಂದಿದೆ. ಅಲ್ಲಿ ಪ್ಲಸ್ ಒತ್ತಿದರೆ ಎರಡು ಖಾನೆ: `Phrase` ಮತ್ತು `Shortcut`. ಮೊದಲನೆಯದರಲ್ಲಿ ಕನ್ನಡ, ಎರಡನೆಯದರಲ್ಲಿ ಇಂಗ್ಲಿಷಿನ ಎರಡು ಮೂರು ಅಕ್ಷರ. ಅವರಿಗೆ ಹೀಗೆ ಹಾಕಿಕೊಟ್ಟೆ:

```
Phrase:   ಇಂದಿನ ತೊಗರಿ ಧಾರಣೆ, ಕ್ವಿಂಟಲ್‌ಗೆ ರೂ.
Shortcut: tgr
```

ಈಗ ಇಂಗ್ಲಿಷ್ ಕೀಬೋರ್ಡ್‌ನಲ್ಲೇ `tgr` ಹೊಡೆದು ಸ್ಪೇಸ್ ಒತ್ತಿದರೆ ಇಡೀ ಸಾಲು ಕನ್ನಡದಲ್ಲಿ ಬರುತ್ತದೆ, ಮುಂದೆ ಅಂಕಿ ಹಾಕಿದರಾಯಿತು. ಶಾರ್ಟ್‌ಕಟ್‌ಗೆ ನಿಜವಾದ ಇಂಗ್ಲಿಷ್ ಪದ ಇಡಬಾರದು. `to` ಎಂದು ಇಟ್ಟರೆ ಮಗನಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಮಾಡುವಾಗಲೂ ನಡುವೆ ತೊಗರಿ ಬಂದು ಕೂರುತ್ತದೆ. ಇದು ಆಪಲ್‌ನದೇ ಕೀಬೋರ್ಡ್‌ಗಳಿಗೆ ಇರುವ ಸೌಲಭ್ಯ. ಹೊರಗಿನ ಕೀಬೋರ್ಡ್ ಹಾಕಿಕೊಂಡವರು ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಕಂಗ್ಲಿಷಿನಲ್ಲೇ `hogtini`, `baralla` ಎಂದು ಬರೆದು ಸುಮ್ಮನಿರುವವರಿಗೆ ಇದ್ಯಾವುದೂ ಬೇಡ. ಅದೇ ಪುಟದಲ್ಲಿ `Auto-Correction` ಆಫ್ ಮಾಡಿಕೊಟ್ಟರೆ ಸಾಕು. ಇಲ್ಲದಿದ್ದರೆ ಐಫೋನ್ ನಮ್ಮ ಮಾತನ್ನೆಲ್ಲ ಇಂಗ್ಲಿಷಿಗೆ ತಿದ್ದುತ್ತಾ ಕೂರುತ್ತದೆ.

ಹಳೆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡುವವರಿದ್ದರೆ ರೀಸೆಟ್ ಮಾಡುವ ಮೊದಲು ಅದರ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಡಿಕ್ಷನರಿ ತೆರೆದು ನೋಡುತ್ತೇನೆ. ಗಿರಾಕಿಯೇ ಸೇರಿಸಿದ ಹಳ್ಳಿಯ ಹೆಸರು, ಅಡ್ಡಹೆಸರು ಅಲ್ಲಿರುತ್ತವೆ. ಅವನ್ನು ಗಿರಾಕಿಯ ವಾಟ್ಸ್ಯಾಪಿನಿಂದ ಅವರಿಗೇ ಮೆಸೇಜ್ ಮಾಡಿಸಿ, ಐಫೋನಿನಲ್ಲಿ ಒಂದೊಂದಾಗಿ ಕಾಪಿ ಮಾಡಿ `Text Replacement`ಗೆ ಹಾಕಿಕೊಡುತ್ತೇನೆ. ರೀಸೆಟ್ ಆದಮೇಲೆ ಬಂದು ಕೇಳಿದರೆ ಅವು ಆ ಫೋನಿನಲ್ಲಿ ಇರುವುದಿಲ್ಲ.