ಮಣ್ಣ ಮೆತ್ತಲು ಬೆಳ್ಳಿ ಹೊಳೆಯಿತು

2 ಫೆಬ್ರವರಿ 2025, ಭಾನುವಾರ
ಬೀದರದಿಂದ ಕಲಬುರಗಿಗೆ ವಾಪಸ್ ಬಂದ ರಾತ್ರಿ

ಬೆಳಗಿನ ರೈಲಿಗೆ ಬೀದರಕ್ಕೆ ಹೋಗಿದ್ದೆ. ಚೌಬಾರಾದಿಂದ ನಾಲ್ಕು ಗಲ್ಲಿ ದಾಟಿದರೆ ನಮ್ಮ ಮಾಸ್ತರ ಮನೆ. ಅಲ್ಲಿ ಆಗಾಗ ಹತ್ತು ಹನ್ನೆರಡು ಮಂದಿ ಕೂತು ಪದ್ಯ ಓದುತ್ತೇವೆ. ಮೊದಲು ಎಲ್ಲರೂ ತಮ್ಮ ತಮ್ಮ ಕವಿತೆ ಓದಿದರು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನನ್ನದೂ ಸೇರಿ. ಸುಸಲಾ, ಮಿರ್ಚಿ ಭಜಿ, ಚಹಾ ಆದ ಮೇಲೆ ಮಾಸ್ತರು ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಒಂದು ಸಾಲು ಬರೆದು ನಡುವೆ ಇಟ್ಟರು.

ಮಣ್ಣ ಮೆತ್ತಲು ಬೆಳ್ಳಿ ಹೊಳೆಯಿತು ಹುಣ್ಣಿಮೆಯ ಹಾಗೆ

"ಇದು ಭಾಮಿನಿ ಷಟ್ಪದಿದು ಕಡೀ ಸಾಲ. ಮ್ಯಾಲಿನ ಐದ್ ಸಾಲ ನಿಮ್ಮವು. ಹದಿನೈದು ನಿಮಿಷ ಟೈಮ್ ಅದ" ಅಂದರು.

ಸಮಸ್ಯಾಪೂರಣ ಅಂದರೆ ಇಷ್ಟೇ. ಕೊನೆಯ ಸಾಲು ಕೊಟ್ಟಿರುತ್ತಾರೆ, ಕೇಳಿದ ಕೂಡಲೇ ಅದು ಅಸಂಬದ್ಧ ಅನಿಸಬೇಕು. ಮೇಲಿನ ಸಾಲುಗಳನ್ನು ಓದಿ ಅಲ್ಲಿಗೆ ಬಂದಾಗ 'ಹೌದಲ್ಲ!' ಅನಿಸಬೇಕು. ಕೊಟ್ಟ ಸಾಲಿನಲ್ಲಿ ಒಂದು ಅಕ್ಷರವನ್ನೂ ಮುಟ್ಟುವ ಹಾಗಿಲ್ಲ. ಅಷ್ಟಾವಧಾನದಲ್ಲಾದರೆ ಇನ್ನೂ ಕಷ್ಟ. ಅವಧಾನಿ ಪೆನ್ನು ಕಾಗದ ಮುಟ್ಟದೆ, ಒಂದು ಸುತ್ತಿಗೆ ಒಂದೇ ಸಾಲು ಹೇಳುತ್ತಾ, ನಡುವೆ ಪ್ರಶ್ನೆ ಕೇಳುವ ಉಳಿದ ಏಳು ಮಂದಿಯನ್ನೂ ನಿಭಾಯಿಸಬೇಕು. ನಮಗೆ ಕಾಗದ ಇತ್ತು, ಪೆನ್ನಿತ್ತು. ಆದರೂ ಬೆವರಿದೆವು.

ಮೊದಲ ಐದು ನಿಮಿಷ ನಾನು ಅರ್ಥದ ತಂಟೆಗೇ ಹೋಗಲಿಲ್ಲ. ಪ್ರಾಸದ ಪಟ್ಟಿ ಮಾಡಿದೆ. ಷಟ್ಪದಿಯಲ್ಲಿ ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಕೊಟ್ಟ ಸಾಲು 'ಮಣ್ಣ' ಅಂತ ಶುರುವಾದ್ದರಿಂದ ಉಳಿದ ಐದಕ್ಕೂ ಎರಡನೆಯದು 'ಣ್ಣ' ಆಗಲೇಬೇಕು. ಸ್ವರ ಬೇರೆಯಾದರೆ ಅಡ್ಡಿಯಿಲ್ಲ, ಣ್ಣ, ಣ್ಣು, ಣ್ಣೆ ಎಲ್ಲ ನಡೆಯುತ್ತದೆ. ಕಣ್ಣು, ಸಣ್ಣ, ಬಣ್ಣ, ತಣ್ಣನೆ, ನುಣ್ಣನೆ, ಎಣ್ಣೆ, ಬೆಣ್ಣೆ, ಹೆಣ್ಣು, ಸುಣ್ಣ, ಅಣ್ಣ. ಮಾಸ್ತರು ದಯೆ ತೋರಿಸಿದ್ದರು ಅನ್ನಬೇಕು. ಆದರೆ ಪದ ಜಾಸ್ತಿ ಇದ್ದರೂ ಒಂದು ಅಪಾಯ ಇದೆ. ಬೆಣ್ಣೆ ಸಿಕ್ಕಿತು ಅಂತ ಬೆಣ್ಣೆಗೊಂದು ಸಾಲು ಬರೆದರೆ ಪದ್ಯ ಅಡುಗೆಮನೆಗೆ ಹೋಗಿಬಿಡುತ್ತದೆ. ನನ್ನ ಪಕ್ಕದವರದು ಹೋಗಿತ್ತು.

ಆಮೇಲೆ ಅರ್ಥ. ಮಣ್ಣು ಹತ್ತಿದರೆ ಏನಾದರೂ ಮಾಸಬೇಕು, ಹೊಳೆಯುವುದು ಹೇಗೆ? ಬೀದರದಲ್ಲಿ ಕೂತು ಇದಕ್ಕೆ ಉತ್ತರ ಹುಡುಕುವುದೇನಿದೆ, ಬಿದ್ರಿ! ಹಿಂದೆ ಒಮ್ಮೆ ಚೌಬಾರಾ ಹತ್ತಿರದ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿದ್ದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು ಹೂಜಿ ಮಾಡಿರುತ್ತಾರೆ. ಅದರ ಮೈಯನ್ನು ಉಜ್ಜಿ, ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡುತ್ತಾರೆ, ಕೆತ್ತುವ ಗೆರೆ ಕಾಣಲಿ ಅಂತ. ಸಣ್ಣ ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ. ಆಗ ನೋಡಬೇಕು ಮಜಾ. ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಅಷ್ಟು ದಿನದ ಕುಸುರಿ ಎಲ್ಲಿ ಹೋಯಿತು ಅಂತ ಹುಡುಕಬೇಕು. ಕಡೆಗೆ ಕೋಟೆಯೊಳಗೆ ಬಿಸಿಲು ಮಳೆ ತಾಗದ ಕಡೆಯಿಂದ ತಂದ ಮಣ್ಣಿಗೆ ನವಸಾಗರ ಮತ್ತು ನೀರು ಕಲಸಿ, ಬಿಸಿ ಮಾಡಿ ಹಚ್ಚುತ್ತಾರೆ. ಸತುವಿನ ಮೈ ಕಪ್ಪಗಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಒರೆಸಿದರೆ ಕಾರಿರುಳಲ್ಲಿ ಬೆಳದಿಂಗಳು ಬಿದ್ದ ಹಾಗೆ. ಹುಣ್ಣಿಮೆಯೂ ಬಂತು! ಇನ್ನೇನು, ಗೆದ್ದೆ ಅಂದುಕೊಂಡೆ.

ಗೆಲ್ಲಲಿಲ್ಲ. ಹದಿನೈದು ನಿಮಿಷಕ್ಕೆ ನಾನು ಬರೆದದ್ದು ಇದು:

ನುಣ್ಣನುಜ್ಜಿದ ಹೂಜಿ ಮೈಯಲಿ
ಸಣ್ಣ ಗೆರೆಯಲಿ ತಂತಿ ಕೂರಿಸಿ
ಕಣ್ಣಿಗೆ ಬೆಳ್ಳಿ ಕಾಣದಾಯಿತು ಎಲ್ಲಿ ಹೋಯಿತದು
ಬಣ್ಣವಿಲ್ಲದ ಕೋಟೆಯೊಳಗಿನ
ತಣ್ಣನೆಯ ಹುಡಿ ತಂದು ಬಳಿದರು
ಮಣ್ಣ ಮೆತ್ತಲು ಬೆಳ್ಳಿ ಹೊಳೆಯಿತು ಹುಣ್ಣಿಮೆಯ ಹಾಗೆ

ಮಾಸ್ತರು ತೊಡೆ ತಟ್ಟುತ್ತಾ ದೊಡ್ಡ ದನಿಯಲ್ಲಿ ಓದಿದರು. ಎರಡು ಸಾಲು ಸರಾಗ ಹೋಯಿತು. ಮೂರನೆಯದರಲ್ಲಿ 'ಕಣ್ಣಿಗೆ ಬೆಳ್ಳಿ' ಹತ್ತಿರ ಕೈ ನಿಂತಿತು.

"ಎಣಿಸಿ ನೋಡ್ರಿ" ಅಂದರು.

ಎಣಿಸಿದೆ. ಭಾಮಿನಿಯ ನಡೆ ಮೂರು, ನಾಲ್ಕು, ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಇನ್ನೊಂದು ಮೂರು-ನಾಲ್ಕು ಸೇರಿ, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದು ಹ್ರಸ್ವವಾದರೂ ಎರಡು. 'ಕಣ್ಣಿ' ಮೂರು. 'ಗೆ ಬೆಳ್ಳಿ' ನಾಲ್ಕು.

"ಲೆಕ್ಕ ಸರಿ ಅದ್ರಿ ಸರ."

"ಲೆಕ್ಕ ಸರಿ ಅದ. ನಡಿಗಿ ಸರಿ ಇಲ್ಲ. ನೀವೇ ಹಾಡ್ರಿ."

ಹಾಡಿದೆ. ಎಡವಿದೆ. 'ಗೆ ಬೆಳ್ಳಿ' ಅನ್ನುವಲ್ಲಿ ಗಣ ಲಘುವಿನಿಂದ ಶುರುವಾಗಿ ಕೂಡಲೇ ಗುರು ಬರುತ್ತದೆ. ತಾಳ ಬೀಳುವುದು 'ಗೆ' ಮೇಲೆ, ಭಾರ ಇರುವುದು 'ಬೆ' ಮೇಲೆ. ಎತ್ತು ಒಂದು ಕಡೆ, ಬಂಡಿ ಒಂದು ಕಡೆ. ಷಟ್ಪದಿಯ ಗಣದ ಮೊದಲಿಗೆ ಈ ಲಘು-ಗುರು ಜೋಡಿ ಬರಬಾರದು ಅನ್ನುವುದು ಅದಕ್ಕೇ. ಬೆರಳು ಮಡಚಿ ಎಣಿಸುವವರಿಗೆ ಈ ತಪ್ಪು ಎಂದೂ ಸಿಗುವುದಿಲ್ಲ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸ ಕೇಳಿದವರಿಗೆ ತಕ್ಷಣ ಸಿಗುತ್ತದೆ, ಅದೂ ಇದೇ ಭಾಮಿನಿ. ನನ್ನ ಕಿವಿ ಇನ್ನೂ ಅಷ್ಟು ಪಳಗಿಲ್ಲ. 'ಕಣ್ಣು ಬಿಟ್ಟರು' ಅಂತ ಮಾಡಿಕೊಂಡೆ, ಸರಿಹೋಯಿತು. ಸಾಲಿನ ಬಾಲವನ್ನೂ ಬದಲಿಸಿದೆ.

ಇದು ಸಣ್ಣ ತಪ್ಪು. ದೊಡ್ಡದು ಐದನೇ ಸಾಲಿನಲ್ಲಿತ್ತು.

"ಹುಡಿ ತಂದು ಬಳಿದರು ಅಂದ್ರಿ. ಬಳಿದ ಮ್ಯಾಲೆ ಮತ್ತ ಮಣ್ಣ ಮೆತ್ತೋದು ಯಾಕ? ಎರಡ್ ಕೋಟ್ ಏನು?" ಅಂದರು ಮಾಸ್ತರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನನ್ನ ಪದ್ಯ ಐದನೇ ಸಾಲಿಗೇ ಮುಗಿದುಹೋಗಿತ್ತು. ಕ್ರಿಯಾಪದ ಬಂತು, ವಾಕ್ಯ ಮುಗಿಯಿತು. ಕೊಟ್ಟ ಸಾಲು ಅದರ ಹಿಂದೆ ಬಾಲದ ಹಾಗೆ ಜೋತಾಡುತ್ತಿತ್ತು. ಬಹುಪಾಲು ಪೂರಣಗಳು ಸೋಲುವುದು ಇಲ್ಲೇ. ಉಪಾಯ ಹೊಳೆದ ಖುಷಿಯಲ್ಲಿ ಮೊದಲ ಸಾಲಿನಿಂದ ಬರೆಯುತ್ತಾ ಇಳಿಯುತ್ತೇವೆ, ಐದನೆಯದಕ್ಕೆ ಬರುವಷ್ಟರಲ್ಲಿ ಹೇಳುವುದೆಲ್ಲ ಹೇಳಿ ಆಗಿರುತ್ತದೆ. ಮಾಸ್ತರು ಉಲ್ಟಾ ಮಾಡಲು ಹೇಳುತ್ತಾರೆ. ಮೊದಲು ಐದನೇ ಸಾಲು ಬರಿ, ಅದರ ವಾಕ್ಯ ಮುಗಿಯಬಾರದು, ಆರನೆಯದರ ಮೊದಲ ಪದಕ್ಕಾಗಿ ಕೈಚಾಚಿ ನಿಂತಿರಬೇಕು. ಆಮೇಲೆ ನಾಲ್ಕು, ಆಮೇಲೆ ಉಳಿದದ್ದು.

ಏಳು ಮಾತ್ರೆ ಬದಲಾದರೆ ಸಾಕಿತ್ತು. 'ತಂದು ಬಳಿದರು' ಹೋಗಿ 'ಕಲಸಿ ಕಾಸಿದ' ಬಂತು. ಮೂರು, ನಾಲ್ಕು. ಎಂಥ ಮಣ್ಣು? ಕಲಸಿ ಕಾಸಿದ ಮಣ್ಣು. ವಾಕ್ಯ ತಾನೇ ಕೆಳಗೆ ಹರಿಯಿತು.

ನುಣ್ಣನುಜ್ಜಿದ ಹೂಜಿ ಮೈಯಲಿ
ಸಣ್ಣ ಗೆರೆಯಲಿ ತಂತಿ ಕೂರಿಸಿ
ಕಣ್ಣು ಬಿಟ್ಟರು ಕಾಣದಾಯಿತು ಬೆಳ್ಳಿ ಯಾವೆಡೆಯೋ
ಬಣ್ಣವಿಲ್ಲದ ಕೋಟೆಯೊಳಗಿನ
ತಣ್ಣನೆಯ ಹುಡಿ ಕಲಸಿ ಕಾಸಿದ
ಮಣ್ಣ ಮೆತ್ತಲು ಬೆಳ್ಳಿ ಹೊಳೆಯಿತು ಹುಣ್ಣಿಮೆಯ ಹಾಗೆ

ನವಸಾಗರ ಬಿಟ್ಟುಹೋಯಿತು ಅಂತ ಒಬ್ಬರು ಗೊಣಗಿದರು. ಹೋಗಲಿ ಬಿಡಿ, 'ಣ್ಣ'ಕ್ಕೆ ಅದು ಒಗ್ಗುವುದಿಲ್ಲ.

ಬಿದ್ರಿ ಇನ್ನೂ ನಾಲ್ಕು ಮಂದಿಗೆ ಹೊಳೆದಿತ್ತು. ಬೀದರದಲ್ಲಿ ಅದು ಹೊಳೆಯದಿದ್ದರೇ ಆಶ್ಚರ್ಯ. ಒಬ್ಬರು ದೇವರ ಮನೆಯ ಬೆಳ್ಳಿ ಸಮೆಯನ್ನು ಅಜ್ಜಿ ಮಣ್ಣು ಹಚ್ಚಿ ತಿಕ್ಕಿದಳು ಅಂತ ಬರೆದಿದ್ದರು. ಪದ್ಯ ಚೊಕ್ಕವಾಗಿತ್ತು, ಆದರೆ ಮಾಸ್ತರು ಒಪ್ಪಲಿಲ್ಲ. ಸಾಲಿನಲ್ಲಿರುವುದು 'ಮೆತ್ತಲು', 'ತಿಕ್ಕಲು' ಅಲ್ಲ. ಮೆತ್ತಿದ ಮಣ್ಣು ಅಲ್ಲೇ ಇರುತ್ತದೆ, ತಿಕ್ಕಿದ್ದು ತೊಳೆದು ಹೋಗುತ್ತದೆ. ಹಾಗೆ ನೋಡಿದರೆ ಬಿದ್ರಿಯ ಮಣ್ಣೂ ತೊಳೆದು ಹೋಗುವುದೇ, ಅಲ್ವಾ? ನಾನು ಬಾಯಿ ಬಿಡಲಿಲ್ಲ.

ಎಲ್ಲರನ್ನೂ ಸುಮ್ಮನಾಗಿಸಿದ್ದು ಮೂಲೆಯಲ್ಲಿ ಕೂತಿದ್ದ ಒಬ್ಬ ವೈನಿ. ಹುಮನಾಬಾದ ಕಡೆಯವರು, ಎರಡನೇ ಸಲ ಬಂದಿದ್ದರು. ಅವರ ಪದ್ಯದಲ್ಲಿ ಬಿದ್ರಿಯೂ ಇಲ್ಲ, ಬೆಳ್ಳಿ ಲೋಹವೂ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಹುಡುಗನೊಬ್ಬ ಮಣ್ಣಿನ ಎತ್ತು ಮಾಡಿದ್ದಾನೆ, ಮನೆಯ ಬಿಳಿ ಎತ್ತಿನ ಹೆಸರೇ ಅದಕ್ಕೂ ಇಟ್ಟಿದ್ದಾನೆ, ಬೆಳ್ಳಿ ಅಂತ. ಪೂಜೆಗೆ ಒಯ್ಯುವಾಗ ಕೊಂಬು ಮುರಿಯುತ್ತದೆ. ಹುಡುಗ ಅಳುತ್ತಾನೆ. ಐದನೇ ಸಾಲು ಮಾತ್ರ ಬರೆದುಕೊಂಡು ಬಂದಿದ್ದೇನೆ:

ಸಣ್ಣ ಕೊಂಬಿನ ಮುರಿದ ಜಾಗಕೆ
ಮಣ್ಣ ಮೆತ್ತಲು ಬೆಳ್ಳಿ ಹೊಳೆಯಿತು ಹುಣ್ಣಿಮೆಯ ಹಾಗೆ

'ಜಾಗಕೆ' ಏನನ್ನು ಕೇಳುತ್ತಿದೆ ನೋಡಿ. ಮಣ್ಣನ್ನೇ. ನಾವೆಲ್ಲ ಮಣ್ಣಿನ ಒಗಟು ಬಿಡಿಸುತ್ತಾ ಕೂತಿದ್ದಾಗ ಅವರು 'ಬೆಳ್ಳಿ'ಯನ್ನು ಹೆಸರು ಮಾಡಿ ಒಗಟನ್ನೇ ಸಡಿಲ ಮಾಡಿದ್ದರು. ಮೇಲೆ ಅಮಾವಾಸ್ಯೆಯ ದಿನ ಹುಣ್ಣಿಮೆ! ಮಾಸ್ತರಿಗೂ ಅದು ಹೊಳೆದಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ವೈನಿ, ಇದು ನಾ ಇಟ್ಟ ಸಮಸ್ಯೆ ಅಲ್ಲ, ನೀವೇ ಇಟ್ಟದ್ದು" ಅಂದರು. ಅವರು ಸೆರಗು ಸರಿಮಾಡಿಕೊಂಡು "ನಮ್ ಹುಡುಗಂದೇ ಕೊಂಬು ಮುರಿದಿತ್ರಿ" ಅಂದರು ಅಷ್ಟೇ.

ಮುಂದಿನ ಸಲಕ್ಕೆ ಈಗಲೇ ಒಂದು ಕೊಟ್ಟು ಕಳಿಸಿದ್ದಾರೆ:

ಬಾವಿ ಬತ್ತಲು ಹಬ್ಬವಾಯಿತು ಊರ ಜನಕೆಲ್ಲ

ಈ ಸಲ ಮೊದಲ ಅಕ್ಷರ ದೀರ್ಘ, ಎರಡನೆಯದು 'ವ'. ರೈಲಿನಲ್ಲಿ ಟಿಕೆಟಿನ ಹಿಂದೆ ಬರೆದುಕೊಂಡೆ: ಹಾವು, ಹೂವು, ಮಾವು, ನೋವು, ಸಾವು, ದೇವ. ಬಾವಿ ಬತ್ತಿದರೆ ಕೆಳಗೆ ಬಿದ್ದದ್ದು ಏನಾದರೂ ಸಿಗಬೇಕು. ಕಳೆದುಹೋದ ದೇವರ ಮೂರ್ತಿ ಅಂತ ಹೊಳೆದಿದೆ. ಅದು ಎಲ್ಲರಿಗೂ ಹೊಳೆಯುತ್ತದೆ ಅನ್ನುವುದೂ ಹೊಳೆದಿದೆ. ಐದನೇ ಸಾಲು ಇನ್ನೂ ಸಿಕ್ಕಿಲ್ಲ.