ಕಂಬಳದ ಕೋಣ, ದೆಹಲಿಯ ಸಹಿ

"ಕಂಬಳ ನಡೆಯುವುದು ನಮ್ಮೂರ ಗದ್ದೆಯಲ್ಲಿ, ಕೋಣ ನಮ್ಮದು, ಓಡಿಸುವವರೂ ನಾವು. ಅದಕ್ಕೆ ರಾಷ್ಟ್ರಪತಿಗಳ ಸಹಿ ಯಾಕೆ ಬೇಕಾಯ್ತು ಮಾರಾಯ್ರೆ?"

ನಾನು ಮಂಗಳೂರಿನಲ್ಲಿ ವಕೀಲಿ ಮಾಡುವವನು. ಹೀಗೆ ಕೇಳಿದವರ ಕೈಗೆ ಮೊದಲು ಸಂವಿಧಾನದ ಏಳನೇ ಅನುಸೂಚಿ ಕೊಟ್ಟು, ಇದರಲ್ಲಿ ಕಂಬಳ ಎಲ್ಲಿದೆ ಹುಡುಕಿ ಅನ್ನುತ್ತೇನೆ. ಅಲ್ಲಿರುವುದು ಮೂರು ಪಟ್ಟಿ. ಕೇಂದ್ರ ಪಟ್ಟಿಯ ವಿಷಯಗಳ ಮೇಲೆ ಸಂಸತ್ತು ಕಾನೂನು ಮಾಡುತ್ತದೆ, ರಾಜ್ಯ ಪಟ್ಟಿಯ ಮೇಲೆ ರಾಜ್ಯದ ಶಾಸಕಾಂಗ, ಸಮವರ್ತಿ ಪಟ್ಟಿಯ ಮೇಲೆ ಇಬ್ಬರೂ. ಹುಡುಕುವವರ ಬೆರಳು ಸಾಮಾನ್ಯವಾಗಿ ರಾಜ್ಯ ಪಟ್ಟಿಯ 33ನೇ ನಮೂದಿನ ಮೇಲೆ ನಿಲ್ಲುತ್ತದೆ. ನಾಟಕ, ಸಿನಿಮಾಗಳ ಜೊತೆ ಅಲ್ಲಿ ಕ್ರೀಡೆ, ಮನರಂಜನೆ ಎಂದೂ ಇದೆ. "ನೋಡಿ, ಇಲ್ಲೇ ಉಂಟಲ್ಲ" ಅನ್ನುತ್ತಾರೆ.

ಹೌದು, ಕಂಬಳ ಕ್ರೀಡೆಯೇ. ಕರೆಯಲ್ಲಿ, ಅಂದರೆ ಕಂಬಳದ ಓಟದ ಹಾದಿಯಲ್ಲಿ, ಓಡುವವರು ಮನುಷ್ಯರಷ್ಟೇ ಆಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಗಳ ಬಂದದ್ದು ಕೋಣದ ಬೆನ್ನಿಗೆ ಬೀಳುವ ಬೆತ್ತದ ಬಗ್ಗೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದು ಸಮವರ್ತಿ ಪಟ್ಟಿಯ 17ನೇ ನಮೂದು. ಯಾವ ಕಾನೂನು ಯಾವ ನಮೂದಿಗೆ ಸೇರುತ್ತದೆ ಎಂದು ನೋಡುವಾಗ ಕೋರ್ಟು ಅದರ ಹೆಸರು ಕೇಳುವುದಿಲ್ಲ, ಅದರ ಹೂರಣ ಏನೆಂದು ಕೇಳುತ್ತದೆ. ಕಂಬಳಕ್ಕೆ ಅನುಮತಿ ಕೊಡುವ ಕಾನೂನಿನ ಹೂರಣ "ಕೋಣಗಳನ್ನು ಹೀಗೆ ಓಡಿಸಿದರೆ ಅಪರಾಧವಲ್ಲ" ಎಂಬುದು. ಹಾಗಾಗಿ 33ನೇ ನಮೂದು ಕೈಹಿಡಿಯುವುದಿಲ್ಲ.

ಎಲ್ಲ ಕಡೆಯೂ ಇಷ್ಟು ಗೋಜಲು ಇರುವುದಿಲ್ಲ. ಮಲ್ಪೆ ಬಂದರಿನಿಂದ ಹೊರಟ ಬೋಟು 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಬಲೆ ಬೀಸಿದರೆ ಆ ಮೀನುಗಾರಿಕೆ ರಾಜ್ಯ ಪಟ್ಟಿಯದ್ದು. ಅದರಾಚೆ ಬೀಸಿದರೆ ಕೇಂದ್ರ ಪಟ್ಟಿಯದ್ದು. ನೀರಿನ ಮೇಲಾದರೂ ಒಂದು ಗೆರೆ ಎಳೆದಿದ್ದಾರೆ. ಕಂಬಳದ ಗದ್ದೆಯಲ್ಲಿ ಅಂಥ ಗೆರೆ ಇಲ್ಲ. ಒಂದೇ ಕೆಸರಿನ ಮೇಲೆ ಬೆಂಗಳೂರಿಗೂ ದೆಹಲಿಗೂ ಅಧಿಕಾರ ಇದೆ.

ಸಮವರ್ತಿ ಅಂದ ಕೂಡಲೇ ಅರ್ಧರ್ಧ ಪಾಲು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಸಿವಿಕ್ಸ್ ಪುಸ್ತಕಗಳು ಈ ತಪ್ಪು ತಿಳಿವಳಿಕೆಗೆ ಸಾಕಷ್ಟು ನೀರೆರೆದಿವೆ. ನಿಜವಾದ ಲೆಕ್ಕ 254ನೇ ವಿಧಿಯಲ್ಲಿದೆ. ಒಂದೇ ವಿಷಯದ ಮೇಲೆ ಸಂಸತ್ತಿನ ಕಾನೂನೂ ರಾಜ್ಯದ ಕಾನೂನೂ ಇದ್ದು, ಒಂದು ಮಾಡು ಎಂದದ್ದನ್ನು ಇನ್ನೊಂದು ಬೇಡ ಎನ್ನುತ್ತಿದ್ದರೆ ಸಂಸತ್ತಿನ ಮಾತು ಗೆಲ್ಲುತ್ತದೆ. ರಾಜ್ಯದ ಕಾನೂನು ಎಷ್ಟು ಮಟ್ಟಿಗೆ ಅದಕ್ಕೆ ವಿರುದ್ಧವೋ ಅಷ್ಟು ಮಟ್ಟಿಗೆ ಸತ್ತಂತೆ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದೂ ಮುಖ್ಯವಲ್ಲ. ಇದು ಮೊದಲ ಉಪವಿಧಿ. ಎರಡನೆಯದರಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ: ಅಂಥ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿ, ಅವರ ಅಂಕಿತ ಸಿಕ್ಕರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ.

ಈ ಕಿಂಡಿಯಲ್ಲಿ ಹಾದುಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಜಲ್ಲಿಕಟ್ಟೇ ಸಾಕ್ಷಿ. ಅಲ್ಲಿ 2009ರಲ್ಲಿ ಜಲ್ಲಿಕಟ್ಟಿಗೆಂದೇ ಒಂದು ಪ್ರತ್ಯೇಕ ರಾಜ್ಯ ಕಾನೂನು ಮಾಡಿದರು. ಆದರೆ ರಾಷ್ಟ್ರಪತಿಗಳ ಅಂಕಿತ ಪಡೆದಿರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ನಾಗರಾಜ ಪ್ರಕರಣದಲ್ಲಿ ಆ ಕಾನೂನನ್ನು 1960ರ ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿತು. ಕೇಂದ್ರದ ಕಾಯ್ದೆ ಪ್ರಾಣಿಗೆ ಅನಗತ್ಯ ನೋವು ಕೊಡುವುದೇ ತಪ್ಪು ಎನ್ನುತ್ತದೆ, ರಾಜ್ಯದ್ದು ಗೂಳಿಯನ್ನು ಅಖಾಡಕ್ಕೆ ಬಿಡುವುದನ್ನೇ ವ್ಯವಸ್ಥೆ ಮಾಡುತ್ತದೆ. ಎರಡೂ ಒಟ್ಟಿಗೆ ನಿಲ್ಲಲಾರವು, ಅಂಕಿತವೂ ಇಲ್ಲ. ಕಾನೂನು ಬಿದ್ದುಹೋಯಿತು.

ನಮ್ಮವರು ಆಗ "ಅದು ಗೂಳಿಯ ಕತೆ, ನಮ್ಮದು ಕೋಣ" ಎಂದು ಸ್ವಲ್ಪ ನಿಶ್ಚಿಂತೆಯಿಂದ ಇದ್ದರು. ಆ ಮಾತಿನಲ್ಲಿ ಹುರುಳಿಲ್ಲದೇ ಇರಲಿಲ್ಲ. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳೆಂದು ಕೇಂದ್ರ 2011ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳ ಜೊತೆ ಗೂಳಿ ಇತ್ತು, ಕೋಣ ಇರಲಿಲ್ಲ. ಆದರೆ ಅನಗತ್ಯ ನೋವು ಕೊಡಬಾರದೆಂಬ ಕಾಯ್ದೆಯ 3 ಮತ್ತು 11ನೇ ಸೆಕ್ಷನ್‌ಗಳಿಗೆ ಅಂಥ ಪಟ್ಟಿಯೇ ಬೇಡ. ಅವು ಎಲ್ಲ ಪ್ರಾಣಿಗಳಿಗೂ ಅನ್ವಯ. 2016ರ ನವೆಂಬರ್‌ನಲ್ಲಿ, ಸರಿಯಾಗಿ ಸೀಸನ್ ಶುರುವಾಗುವ ಹೊತ್ತಿಗೆ, ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. ಹುರುಳಿ ತಿನ್ನಿಸಿ, ಎಣ್ಣೆ ತಿಕ್ಕಿ ತಯಾರು ಮಾಡಿದ ಕೋಣಗಳು ಹಟ್ಟಿಯಲ್ಲೇ ಉಳಿದವು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. 2017ರ ಫೆಬ್ರವರಿಯಲ್ಲಿ ವಿಧಾನಸಭೆ ಮಸೂದೆ ಪಾಸು ಮಾಡಿತು. ತಮಿಳುನಾಡು 2009ರಲ್ಲಿ ಮಾಡಿದಂತೆ ಬೇರೆಯೇ ಒಂದು "ಕಂಬಳ ಕಾಯ್ದೆ" ಇದಲ್ಲ. 1960ರ ಕೇಂದ್ರ ಕಾಯ್ದೆಗೇ ಕರ್ನಾಟಕದ ಮಟ್ಟಿಗೆ ಮಾಡಿದ ತಿದ್ದುಪಡಿ. ಕಂಬಳ ಎಂದರೇನು ಎಂಬ ವ್ಯಾಖ್ಯೆಯನ್ನು ಕೇಂದ್ರದ ಕಾಯ್ದೆಯೊಳಗೇ ಸೇರಿಸಿದರು: ಪರಂಪರೆಯ ಭಾಗವಾಗಿ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನ ಮತ್ತು ಸ್ಥಳದಲ್ಲಿ ನಡೆಯುವ ಕೋಣಗಳ ಓಟ. ಕೋಣಗಳ ಹೊಣೆ ಹೊತ್ತವರು ಅವುಗಳಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತೂ ಜೊತೆಗಿದೆ. ಕೇಂದ್ರದ ಗೋಡೆಯನ್ನು ಒಡೆಯದೆ ಅದರಲ್ಲೇ ಒಂದು ಬಾಗಿಲು ಕೊರೆದ ಹಾಗೆ.

ಮಸೂದೆ ರಾಜ್ಯಪಾಲರ ಮೇಜಿಗೆ ಹೋಯಿತು. 200ನೇ ವಿಧಿಯಲ್ಲಿ ಅವರು ಸಹಿ ಹಾಕಬಹುದು, ತಡೆಹಿಡಿಯಬಹುದು, ಇಲ್ಲವೇ ರಾಷ್ಟ್ರಪತಿಗಳಿಗೆ ಕಾದಿರಿಸಬಹುದು. ಅವರೇ ಸಹಿ ಹಾಕಿಬಿಟ್ಟಿದ್ದರೆ ಆ ಹೊತ್ತಿಗೆ ಪಟಾಕಿ ಹೊಡೆಯಬಹುದಿತ್ತು, ಕಾನೂನು ಮಾತ್ರ 2009ರ ಜಲ್ಲಿಕಟ್ಟು ಕಾನೂನಿನ ದಾರಿಯನ್ನೇ ಹಿಡಿಯುತ್ತಿತ್ತು. ಕಾದಿರಿಸಿದರು. ಫೈಲು ದೆಹಲಿಗೆ ಹೋಯಿತು.

ರಾಷ್ಟ್ರಪತಿಗಳ ಸಹಿ ಎಂದಾಗ ಒಬ್ಬ ಹಿರಿಯರು ಒಬ್ಬರೇ ಕೂತು ಮಸೂದೆ ಓದಿ ತೀರ್ಮಾನಿಸುವ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ನಡೆಯುವುದು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ. ಫೈಲು ಮೊದಲು ಗೃಹ ಸಚಿವಾಲಯಕ್ಕೆ ಬರುತ್ತದೆ, ಅಲ್ಲಿಂದ ಆಯಾ ವಿಷಯದ ಸಚಿವಾಲಯಗಳಿಗೆ ಹೋಗುತ್ತದೆ. ಆಗ ಪ್ರಾಣಿಹಿಂಸೆ ತಡೆ ಕಾಯ್ದೆ ನೋಡಿಕೊಳ್ಳುತ್ತಿದ್ದುದು ಪರಿಸರ ಸಚಿವಾಲಯ. ಅಂದರೆ ಯಾರ ಕಾಯ್ದೆಯಿಂದ ನಮಗೆ ವಿನಾಯಿತಿ ಬೇಕೋ ಅವರನ್ನೇ ಕೇಳಬೇಕು. ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂದು 201ನೇ ವಿಧಿಯಲ್ಲಿ ಬರೆದಿಲ್ಲ. ಮಸೂದೆಯನ್ನು ವಾಪಸು ಕಳಿಸಿದರೆ ಸದನ ಆರು ತಿಂಗಳೊಳಗೆ ಮರುಪರಿಶೀಲಿಸಬೇಕು ಎಂಬ ಗಡುವು ರಾಜ್ಯಕ್ಕೆ ಇದೆ. ಮತ್ತೆ ಪಾಸು ಮಾಡಿ ಕಳಿಸಿದರೂ ಅಂಕಿತ ಹಾಕಲೇಬೇಕೆಂದು ರಾಷ್ಟ್ರಪತಿಗಳಿಗೆ ಇಲ್ಲ. ನನಗೆ ಇದು ಸಮ ಎಂದು ಎಂದೂ ಅನಿಸಿಲ್ಲ.

ಮೊದಲ ಮಸೂದೆ ಇದ್ದ ರೂಪದಲ್ಲೇ ದಡ ಸೇರಲಿಲ್ಲ. 2017ರ ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯದ ಸುಗ್ರೀವಾಜ್ಞೆಯಾದರೂ ಅದಕ್ಕೂ ದೆಹಲಿಯ ಒಪ್ಪಿಗೆ ಬೇಕಿತ್ತು, ಯಾಕೆಂದರೆ ಕಾನೂನಾಗಿ ಮಾಡಿದರೆ ರಾಷ್ಟ್ರಪತಿಗಳ ಅಂಕಿತ ಬೇಕಾಗುವಂಥದ್ದನ್ನು ಅವರ ಸೂಚನೆಯಿಲ್ಲದೆ ರಾಜ್ಯಪಾಲರು ಸುಗ್ರೀವಾಜ್ಞೆಯಾಗಿ ಹೊರಡಿಸುವಂತಿಲ್ಲ (213ನೇ ವಿಧಿ ಈ ಹಿಂಬಾಗಿಲನ್ನೂ ಮುಚ್ಚಿದೆ). ಸದನ ಮತ್ತೆ ಸೇರಿ ಆರು ವಾರ ಕಳೆದರೆ ಸುಗ್ರೀವಾಜ್ಞೆಯ ಆಯಸ್ಸು ಮುಗಿಯುತ್ತದೆ. ಹಾಗಾಗಿ ಮಸೂದೆಯನ್ನು ಹೊಸದಾಗಿ ಬರೆದು ತಂದರು. ಈಗ ಜಾರಿಯಲ್ಲಿರುವ ಕಾನೂನಿನ ಹೆಸರಿನಲ್ಲೇ "ಎರಡನೇ ತಿದ್ದುಪಡಿ" ಎಂದಿರುವುದು ಅದಕ್ಕೇ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ.

ಇಂಥ ಕಾನೂನನ್ನು ಗುರುತಿಸುವುದು ಕಷ್ಟವಲ್ಲ. ರಾಜ್ಯದ ಯಾವುದೇ ಕಾಯ್ದೆಯ ಮೊದಲ ಪುಟದಲ್ಲಿ ಅಂಕಿತ ಯಾವ ದಿನ ಸಿಕ್ಕಿತು ಎಂಬ ಸಾಲು ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ರಾಜ್ಯಪಾಲರ ಅಂಕಿತ ಎಂದಿರುತ್ತದೆ. ರಾಷ್ಟ್ರಪತಿಗಳ ಅಂಕಿತ ಎಂದಿದ್ದರೆ ಆ ಮಸೂದೆ ದೆಹಲಿಗೆ ಹೋಗಿ ಬಂದಿದೆ ಎಂದು ಅರ್ಥ. ಜೂನಿಯರುಗಳಿಗೆ ನಾನು ಸೆಕ್ಷನ್‌ಗಿಂತ ಮೊದಲು ಈ ಸಾಲು ಓದಿಸುತ್ತೇನೆ.

ಸಹಿ ಸಿಕ್ಕಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ಜಲ್ಲಿಕಟ್ಟು, ಕಂಬಳ, ಮಹಾರಾಷ್ಟ್ರದ ಎತ್ತಿನಗಾಡಿ ಓಟ, ಮೂರರ ತಿದ್ದುಪಡಿಗಳೂ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋದವು. 2023ರ ಮೇ 18ರಂದು ಪೀಠ ಮೂರನ್ನೂ ಎತ್ತಿಹಿಡಿಯಿತು. 17ನೇ ನಮೂದಿನಡಿ ರಾಜ್ಯಗಳಿಗೆ ಈ ಕಾನೂನು ಮಾಡುವ ಅಧಿಕಾರ ಇದೆ, ಅಂಕಿತವೂ ಕ್ರಮವಾಗಿಯೇ ಸಿಕ್ಕಿದೆ ಎಂದಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತಿದ್ದುಪಡಿ, ನಿಯಮ, ಷರತ್ತುಗಳೆಲ್ಲ ಸೇರಿದಾಗ ಈಗ ನಡೆಯುವ ಆಟ 2014ರಲ್ಲಿ ಕೋರ್ಟು ಕಂಡ ಆಟಕ್ಕಿಂತ ಬೇರೆ ಎಂದೂ ಹೇಳಿತು. ಕರೆಯ ಬದಿಯಲ್ಲಿ ನಿಂತು ನೋಡುವವರು ಇದನ್ನು ಮರೆಯಬಾರದು. ಕೋಣಗಳು ಓಟ ಶುರುವಾಗುವ ಗಂತಿನಿಂದ ಓಟ ಮುಗಿಯುವ ಮಂಜೊಟ್ಟಿಗೆ ಓಡುವಾಗ ಯಾರಾದರೂ ಹದ ತಪ್ಪಿ ಬೆತ್ತ ಬೀಸಿದರೆ ಅವರ ನೆರವಿಗೆ ರಾಷ್ಟ್ರಪತಿಗಳ ಸಹಿ ಬರುವುದಿಲ್ಲ. ಆ ಸಹಿ ಇರುವುದೇ "ಅನಗತ್ಯ ನೋವು ಕೊಡದೆ" ಎಂಬ ಷರತ್ತಿನ ಕೆಳಗೆ.

ಇಷ್ಟು ಹೇಳಿದಾಗ "ಹಾಗಾದರೆ ಇನ್ನು ಭಯ ಇಲ್ಲ ಅಲ್ವಾ?" ಎಂಬ ಮಾತು ಬಂದೇ ಬರುತ್ತದೆ. ಸದ್ಯಕ್ಕೆ ಇಲ್ಲ. ಆದರೆ 254ನೇ ವಿಧಿಯ ಕೊನೆಗೊಂದು ಬಾಲ ಇದೆ: ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯ ಕಾನೂನನ್ನೂ ಸಂಸತ್ತು ಯಾವಾಗ ಬೇಕಾದರೂ ಬದಲಿಸಬಹುದು, ತೆಗೆದೂ ಹಾಕಬಹುದು. ಇನ್ನೊಂದು ದಾರಿಯೂ ಇದೆ, ಅದು ಸದ್ದಿಲ್ಲದ್ದು. ನಮ್ಮ ತಿದ್ದುಪಡಿ ಕೂತಿರುವುದು 1960ರ ಕಾಯ್ದೆಯ ಹೊಟ್ಟೆಯೊಳಗೆ. ನಾಳೆ ಸಂಸತ್ತು ಆ ಕಾಯ್ದೆಯನ್ನೇ ರದ್ದು ಮಾಡಿ ಹೊಸದು ತಂದರೆ, ರಾಜ್ಯದ ತಿದ್ದುಪಡಿ ಉಳಿಯುತ್ತದೆ ಎಂದು ಹೊಸ ಕಾಯ್ದೆಯಲ್ಲಿ ಹೇಳದಿದ್ದರೆ, ಅದೂ ಹಳೆಯದರ ಜೊತೆಗೇ ಹೋಗುತ್ತದೆ. 2024ರ ಜುಲೈ 1ರಂದು ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಾಗ ರಾಜ್ಯಗಳು ಹಳೆಯದಕ್ಕೆ ವರ್ಷಗಟ್ಟಲೆ ಹಾಕಿಕೊಂಡಿದ್ದ ತೇಪೆಗಳ ಗತಿ ಹಾಗೇ ಆಯಿತು. ಅದೂ ಸಮವರ್ತಿ ಪಟ್ಟಿಯ ವಿಷಯವೇ.

1960ರ ಕಾಯ್ದೆಯನ್ನು ಬಿಗಿ ಮಾಡುವ ತಿದ್ದುಪಡಿಯ ಕರಡೊಂದನ್ನು ಕೇಂದ್ರ 2022ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಅಂಥದ್ದು ಮತ್ತೆ ಬಂದರೆ ಕಂಬಳ ಸಮಿತಿಯವರು ನನ್ನ ಹತ್ತಿರ ಬರುವ ಮೊದಲು ಕೊನೆಯ ಪುಟ ತೆರೆದು "ರದ್ದು ಮತ್ತು ಉಳಿಕೆ" ಎಂಬ ಸೆಕ್ಷನ್ ಇದೆಯೇ ನೋಡಲಿ. ಇದ್ದರೆ ಅದರಲ್ಲಿ ರಾಜ್ಯದ ತಿದ್ದುಪಡಿಗಳ ಬಗ್ಗೆ ಏನಾದರೂ ಬರೆದಿದ್ದಾರೋ ಇಲ್ಲವೋ, ಅದನ್ನು ಗುರುತು ಹಾಕಿಕೊಂಡು ಬರಲಿ.